ಕಂತು ತಪ್ಪಿಸದಿದ್ದರೂ ಸಾಲ ಏಕೆ ತೀರುವುದಿಲ್ಲ?

ಪ್ರಶ್ನೆ: ನಾವು ಬನಹಟ್ಟಿಯವರು. ನನಗೆ 27 ವರ್ಷ, ನಮ್ಮ ಮನೆಯವರಿಗೆ 31. ಅವರು ಪವರ್‌ಲೂಮ್ ಕೆಲಸಕ್ಕೆ ಹೋಗುತ್ತಾರೆ, ವಾರಕ್ಕೊಮ್ಮೆ ಬಟವಾಡೆ. ನಾನು ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತೇನೆ. ಮದುವೆ, ಹೆರಿಗೆ, ಬೈಕ್ ಎಂದು ಮಾಡಿದ ಸಾಲ ಈಗ 3,80,000 ರೂಪಾಯಿ ಆಗಿದೆ: ಸಂಘದ್ದು, ಫೈನಾನ್ಸಿನದು, ಕ್ರೆಡಿಟ್ ಕಾರ್ಡಿನದು, ಕೈಗಡ. ಕಂತು ತಪ್ಪಿಸಿಲ್ಲ, ಆದರೂ ಸಾಲ ಕರಗುತ್ತಿಲ್ಲ. ಒಂದೇ ದೊಡ್ಡ ಸಾಲ ತೆಗೆದು ಎಲ್ಲವನ್ನೂ ತೀರಿಸಿರಿ ಎಂದು ಒಬ್ಬ ಏಜೆಂಟ್ ಹೇಳುತ್ತಾನೆ. ಕಟ್ಟುವುದನ್ನು ನಿಲ್ಲಿಸಿದರೆ ಅವರೇ ಅರ್ಧಕ್ಕೆ ಬರುತ್ತಾರೆ ಎಂದು ಸಂಬಂಧಿಕರೊಬ್ಬರು ಹೇಳುತ್ತಾರೆ. ಹೊಸ ಕಾನೂನಿನಿಂದ ಸಂಘದ ಸಾಲ ಮನ್ನಾ ಆಗಿದೆ ಎಂದು ಓಣಿಯ ಹೆಂಗಸರು ಹೇಳುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಮೂವರ ಮಾತಿನಲ್ಲೂ ಒಂದು ಎಳೆ ನಿಜವಿದೆ, ಆದರೆ ನಿಮ್ಮ ಮನೆಗೆ ಮೂರೂ ಹಾಗೆಯೇ ಹೊಂದುವುದಿಲ್ಲ. ನಾನು ಬ್ಯಾಂಕಿನ ಸಾಲ ವಸೂಲಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಬೆಳಗಾವಿಯಲ್ಲಿ ಸಾಲದ ತೊಡಕಿನಲ್ಲಿರುವವರ ಲೆಕ್ಕ ನೋಡಿಕೊಡುತ್ತೇನೆ. ಮೇಜಿನ ಆ ಬದಿಯಲ್ಲಿ ಕುಳಿತಾಗ ಕಂಡದ್ದನ್ನು ಈ ಬದಿಯವರಿಗೆ ಹೇಳುವುದೇ ನನ್ನ ಕೆಲಸ. ನಿಮ್ಮಂಥದೇ ಪರಿಸ್ಥಿತಿಯಲ್ಲಿದ್ದ ಒಂದು ಜೋಡಿ ಹೇಗೆ ಹೊರಬಂತು ಎಂಬುದನ್ನು ಹೇಳುತ್ತೇನೆ. ಗುರುತು ಸಿಗದಂತೆ ಅಲ್ಲಲ್ಲಿ ಬದಲಿಸಿದ್ದೇನೆ, ಲೆಕ್ಕವನ್ನು ಮಾತ್ರ ಬದಲಿಸಿಲ್ಲ.

ಗಂಡ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಯಂತ್ರದ ಕೆಲಸದವನು, ಕೈಗೆ ಬರುವ ಪಗಾರ 18,000. ಹೆಂಡತಿ ವಡಗಾವಿಯ ಬಾಡಿಗೆ ಮನೆಯಲ್ಲಿ ಜಂಪರ್ ಹೊಲಿದು ತಿಂಗಳಿಗೆ ಸರಾಸರಿ 6,500 ಗಳಿಸುತ್ತಿದ್ದಳು. ಮೊದಲ ಸಲ ಬಂದಾಗ ಅವಳು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಪಾಸ್‌ಬುಕ್ಕು, ಸಂಘದ ಕಾರ್ಡು, ಗಿರವಿ ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಒಟ್ಟು 2,91,000 ಎಂದು ಬರೆದುಕೊಂಡೆ. ಮುಂದಿನ ವಾರ ಗಂಡ ಒಬ್ಬನೇ ಮಾತನಾಡಬೇಕೆಂದ. ಒಬ್ಬ ವ್ಯಾಪಾರಿಯಿಂದ ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ ತಂದ 50,000 ಕೈಗಡದ ವಿಷಯವನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಅವಳನ್ನೂ ಕರೆಸಿ ಅವನ ಬಾಯಿಂದಲೇ ಹೇಳಿಸಿದೆ. ಅವಳು ತುಸು ಹೊತ್ತು ಸುಮ್ಮನಿದ್ದು, "ಸಾಹೇಬರೇ, ಅದನ್ನೂ ಬರೆದುಕೊಳ್ಳಿರಿ" ಎಂದಳು. ಮೊದಲ ಪಟ್ಟಿ ಪೂರ್ತಿ ಇರುವುದು ಅಪರೂಪ. ನೀವು ಬರೆದ 3,80,000 ಕೂಡ ಪೂರ್ತಿಯೇ ಎಂದು ಇಬ್ಬರೂ ಕುಳಿತು ಇನ್ನೊಮ್ಮೆ ನೋಡಿರಿ. ಕಿರಾಣಿ ಅಂಗಡಿಯ ಉದ್ರಿ, ಭಿಶಿಯ ಬಾಕಿ, ಅಕ್ಕನ ಹತ್ತಿರ ಇಸಿದುಕೊಂಡದ್ದು, ಎಲ್ಲವೂ ಸಾಲವೇ.

ಅವರ ಪೂರ್ತಿ ಪಟ್ಟಿ ಹೀಗಿತ್ತು. ಕ್ರೆಡಿಟ್ ಕಾರ್ಡ್ 62,000, ಫೈನಾನ್ಸ್ ಕಂಪನಿಯ ವೈಯಕ್ತಿಕ ಸಾಲ 1,10,000, ಅವಳ ಸಂಘದ ಸಾಲ 40,000, ಪಾಟ್ಲಿ ಒತ್ತೆ ಇಟ್ಟು ಪತ್ತಿನ ಸಹಕಾರಿ ಸಂಘದಲ್ಲಿ ತಂದ 70,000, ಕೈಗಡ 50,000, ಕಿರಾಣಿ ಉದ್ರಿ 9,000. ಒಟ್ಟು 3,41,000. ಬಂಗಾರದ ಸಾಲಕ್ಕೆ ಅವರು ಏನನ್ನೂ ಕಟ್ಟುತ್ತಿರಲಿಲ್ಲ, ವರ್ಷದ ಕೊನೆಗೆ ನೋಡೋಣ ಎಂದು ಬಿಟ್ಟಿದ್ದರು. ಉಳಿದವುಗಳ ಕಂತು ಮತ್ತು ಬಡ್ಡಿ ಸೇರಿ ತಿಂಗಳಿಗೆ 12,170 ಹೋಗುತ್ತಿತ್ತು. ಇಬ್ಬರ ಗಳಿಕೆಯ ಅರ್ಧದಷ್ಟು.

ಸಾಲಕ್ಕೆ ಕಾರಣ ಮದುವೆ ಎಂದು ಅವರೂ ಹೇಳಿದ್ದರು. ಸಾಲ ಶುರುವಾದದ್ದು ಮದುವೆಯಿಂದ ಹೌದು, ಆದರೆ ಅದು ಕರಗದೇ ಇದ್ದುದಕ್ಕೆ ಕಾರಣ ಬೇರೆ. ಒಂದು ತಿಂಗಳು ಏನನ್ನೂ ಕಡಿಮೆ ಮಾಡದೆ, ಖರ್ಚಾದದ್ದನ್ನೆಲ್ಲ ಅಂದೇ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ. ಮನೆ ಖರ್ಚು ಹನ್ನೊಂದು ಸಾವಿರ ಎಂದು ಇಬ್ಬರೂ ನಂಬಿದ್ದರು. ಬರೆದಾಗ 14,500 ಬಂತು. ಪಾಸ್‌ಬುಕ್ಕಿನಲ್ಲಿ ಇನ್ನೊಂದು ಸೋರಿಕೆ ಕಂಡಿತು. ಫೈನಾನ್ಸ್ ಕಂಪನಿಯ ಕಂತು ಪ್ರತಿ ತಿಂಗಳು 5ನೇ ತಾರೀಖಿಗೆ ಖಾತೆಯಿಂದ ಕಡಿತವಾಗಬೇಕು, ಪಗಾರ ಬೀಳುವುದು 10ಕ್ಕೆ. 5ಕ್ಕೆ ಖಾತೆ ಖಾಲಿ, ಕಂತು ಬೌನ್ಸ್. ಕಂಪನಿಯ ದಂಡ, ಬ್ಯಾಂಕಿನ ದಂಡ ಎರಡೂ ಸೇರಿ ತಿಂಗಳಿಗೆ ಸುಮಾರು 900. ಹತ್ತನೇ ತಾರೀಖು ಅವನೇ ಹೋಗಿ ಕಂತು ತುಂಬಿ ಬರುತ್ತಿದ್ದುದರಿಂದ ಕಂತು ತಪ್ಪಿಲ್ಲ ಎಂದೇ ಅವರು ತಿಳಿದಿದ್ದರು.

ಈಗ ಕೂಡಿಸಿ ನೋಡಿರಿ. ಮನೆಗೆ 14,500, ಸಾಲಕ್ಕೆ 12,170, ದಂಡಕ್ಕೆ 900, ಒಟ್ಟು 27,570. ಬರುವುದು 24,500. ತಿಂಗಳಿಗೆ ಮೂರು ಸಾವಿರ ಚಿಲ್ಲರೆ ಕೊರತೆ. ಅದನ್ನು ಕಾರ್ಡ್ ಉಜ್ಜಿ ಮತ್ತು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಬರೆಸಿ ತುಂಬುತ್ತಿದ್ದರು. ಅಂದರೆ ಒಂದು ಕೈಯಿಂದ ಸಾಲ ಕಟ್ಟುತ್ತ ಇನ್ನೊಂದು ಕೈಯಿಂದ ವರ್ಷಕ್ಕೆ ಸುಮಾರು 37,000 ಹೊಸ ಸಾಲ ಮಾಡುತ್ತಿದ್ದರು. ಈ ಕೊರತೆ ಇರುವವರೆಗೆ ಯಾವ ಉಪಾಯ ಮಾಡಿದರೂ ನಡೆಯುವುದಿಲ್ಲ. ನಿಮ್ಮ ಏಜೆಂಟನ ಸಲಹೆ ಸೋಲುವುದೂ ಇಲ್ಲಿಯೇ.

ದೊಡ್ಡ ಸಾಲ ತೆಗೆದು ಸಣ್ಣವನ್ನು ತೀರಿಸುವುದು ತಪ್ಪಲ್ಲ. ಹೊಸ ಬಡ್ಡಿ ಹಳೆಯದಕ್ಕಿಂತ ನಿಜವಾಗಿಯೂ ಕಡಿಮೆ ಇದ್ದು, ಹಳೆಯ ಕಾರ್ಡನ್ನು ಮುಚ್ಚಿಸಿ, ಮನೆಯ ಕೊರತೆಯೂ ನಿಂತಿದ್ದರೆ ಅದರಿಂದ ಲಾಭವೇ. ಕೊರತೆ ನಿಲ್ಲದಿದ್ದರೆ ಖಾಲಿಯಾದ ಕಾರ್ಡು ವರ್ಷದೊಳಗೆ ಮತ್ತೆ ತುಂಬುತ್ತದೆ, ಮೇಲೆ ದೊಡ್ಡ ಸಾಲವೂ ಇರುತ್ತದೆ. ಏಜೆಂಟನಿಗೆ ಕಮಿಷನ್ ಬರುವುದು ಸಾಲ ಮಂಜೂರಾದಾಗ, ನಿಮ್ಮ ಸಾಲ ತೀರಿದಾಗ ಅಲ್ಲ. ಸಂಸ್ಕರಣಾ ಶುಲ್ಕ ಎಷ್ಟು, ವಿಮೆಯ ಹೆಸರಿನಲ್ಲಿ ಎಷ್ಟು ಹಿಡಿಯುತ್ತಾರೆ, ಎಲ್ಲ ಕಳೆದು ಕೈಗೆ ಬರುವುದೆಷ್ಟು ಎಂದು ಬರವಣಿಗೆಯಲ್ಲಿ ಕೇಳಿರಿ. ಅದಕ್ಕೆ ಉತ್ತರ ಬರದಿದ್ದರೆ ಮಾತು ಅಲ್ಲಿಗೇ ಮುಗಿಸಿರಿ. ನಿಮ್ಮ ಪರವಾಗಿ ಬ್ಯಾಂಕಿನೊಡನೆ ಮಾತನಾಡುತ್ತೇನೆ ಎಂದು ಮುಂಗಡ ಹಣ ಕೇಳುವವರೂ ಇದ್ದಾರೆ. ನೀವೇ ಹೋಗಿ ಪುಕ್ಕಟೆ ಮಾಡಬಹುದಾದ ಕೆಲಸಕ್ಕೆ ಹಣ ಕೊಡಬೇಡಿ.

ಆ ಜೋಡಿ ಖರ್ಚು ಕಡಿಮೆ ಮಾಡಿದ್ದು ಎಲ್ಲ ಕಡೆಯಲ್ಲೂ ಅಲ್ಲ. ಬಾಡಿಗೆ, ಹಾಲು, ಕಾಳು, ಊರಿನ ತಾಯಿಗೆ ಕಳಿಸುವ ಔಷಧದ ಹಣ, ಇವನ್ನು ಮುಟ್ಟುವುದು ಬೇಡ ಎಂದು ಮೊದಲೇ ಗೆರೆ ಎಳೆದೆವು. ಇಂಥವನ್ನು ಕತ್ತರಿಸಿದ ಬಜೆಟ್ ಎರಡು ತಿಂಗಳು ನಡೆದು ಮೂರನೆಯದರಲ್ಲಿ ಮುರಿಯುತ್ತದೆ. ಉದ್ಯಮಬಾಗಕ್ಕೆ ಒಬ್ಬನೇ ಬೈಕಿನಲ್ಲಿ ಹೋಗುತ್ತಿದ್ದವನು ಪಕ್ಕದ ಓಣಿಯ ಸಹೋದ್ಯೋಗಿಯೊಡನೆ ಪೆಟ್ರೋಲ್ ಹಂಚಿಕೊಂಡ. ಕ್ಯಾಂಟೀನಿನ ತಿಂಡಿಯ ಬದಲು ರೊಟ್ಟಿ ಡಬ್ಬಿ ಬಂತು. ಇಷ್ಟರಿಂದಲೇ ತಿಂಗಳಿಗೆ 1,500 ಇಳಿಯಿತು, ಮನೆ ಖರ್ಚು 13,000ಕ್ಕೆ ನಿಂತಿತು.

ಆ 13,000ದೊಳಗೆ ತಿಂಗಳಿಗೆ 1,500 ಬೇರೆ ತೆಗೆದಿಡುವ ಒಂದು ಸಾಲನ್ನು ಸೇರಿಸಿದ್ದೆವು. ಬಹಳ ಜನ ಎಡವುವುದು ಈ ಸಾಲಿನಲ್ಲಿ. ಅವರ ಕಾರ್ಡಿನ ಹಳೆಯ ಬಿಲ್ಲುಗಳನ್ನು ನೋಡಿದರೆ ಬಾಕಿ ನೆಗೆದದ್ದು ಪಂಚಮಿಗೆ ತವರಿಗೆ ಹೋದ ತಿಂಗಳು, ದೀಪಾವಳಿ, ಬೈಕಿನ ವಿಮೆ ಬಂದ ತಿಂಗಳು, ಮತ್ತೆ ಊರ ಕಡೆ ಒಂದರ ಮೇಲೊಂದು ಮದುವೆಗಳಿದ್ದ ತಿಂಗಳು. ಆಯೇರಿ ಇಲ್ಲದೆ ಮದುವೆಗೆ ಹೋಗುವುದು ನಮ್ಮಲ್ಲಿ ಸಾಧ್ಯವಿಲ್ಲ, ಹೋಗಬೇಡಿ ಎಂದು ಹೇಳಲು ನನಗೂ ಬಾಯಿ ಬರುವುದಿಲ್ಲ. ವರ್ಷಕ್ಕೊಮ್ಮೆ ಬರುವುದಾದರೂ ಪಂಚಮಿ ಬರುತ್ತದೆ ಎಂಬುದು ಮೊದಲೇ ಗೊತ್ತಿರುವ ಸಂಗತಿ. ಇಂಥ ಖರ್ಚುಗಳನ್ನು ಕೂಡಿಸಿದಾಗ ವರ್ಷಕ್ಕೆ 18,000 ಆಯಿತು. ಹನ್ನೆರಡರಿಂದ ಭಾಗಿಸಿ ತಿಂಗಳ ಖರ್ಚಿನಲ್ಲಿಯೇ ಸೇರಿಸಿದೆವು. ಗಂಡನ ಓವರ್‌ಟೈಮ್ ಹಣವನ್ನು ಮಾತ್ರ ಆದಾಯ ಎಂದು ಬರೆಯಲೇ ಇಲ್ಲ. ಖಚಿತವಿಲ್ಲದ ಹಣದ ಮೇಲೆ ಖಚಿತವಾದ ಕಂತನ್ನು ಕೂಡಿಸಬಾರದು. ಅದು ಬೇರೆ ಖಾತೆಗೆ ಹೋಗಿ ಆಪತ್ತಿನ ಹಣವಾಗಿ ಕುಳಿತಿತು. ಗೃಹಲಕ್ಷ್ಮಿಯ ಹಣ ನಿಮಗೆ ಬರುತ್ತಿದ್ದರೆ ಅದಕ್ಕೂ ಇದೇ ನಿಯಮವಿರಲಿ.

24,500ರಲ್ಲಿ 13,000 ಕಳೆದರೆ 11,500. ಸಾಲಗಳಿಗೆ ಅವರು ಕೊಡಬಹುದಾದ ಗರಿಷ್ಠ ಮೊತ್ತ ಇದು. ಬಂಗಾರದ ಬಡ್ಡಿಯನ್ನೂ ಸೇರಿಸಿದರೆ ಬೇಕಾದದ್ದು ಇದಕ್ಕಿಂತ ಹೆಚ್ಚು. ಬರೀ ಕೈ ಬಿಗಿ ಹಿಡಿದರೆ ಸಾಲ ತೀರುವುದಿಲ್ಲ ಎಂಬುದು ಕಾಗದದ ಮೇಲೆ ಸ್ಪಷ್ಟವಾಯಿತು. ಸಾಲ ಕೊಟ್ಟವರೊಡನೆ ಮಾತನಾಡಲೇಬೇಕಿತ್ತು. ಈ 11,500 ಕೈಯಲ್ಲಿ ಇಲ್ಲದೆ ಹೋಗಿದ್ದರೆ ಅದು ಗೋಗರೆಯುವುದಾಗುತ್ತಿತ್ತು. ನಾನು ಕುರ್ಚಿಯಲ್ಲಿದ್ದಾಗ ದಿನಾ ಕೇಳುತ್ತಿದ್ದ ಮಾತು "ಸ್ವಲ್ಪ ಕಡಿಮೆ ಮಾಡಿರಿ ಸರ್" ಎಂಬುದು. ಅದಕ್ಕೆ ಉತ್ತರ ಕೊಡಲು ಅಧಿಕಾರಿಗೂ ಬರುವುದಿಲ್ಲ. "ತಿಂಗಳಿಗೆ ಇಷ್ಟು ಕಟ್ಟಬಲ್ಲೆವು, ಇಂಥ ತಾರೀಖಿಗೆ, ಇಲ್ಲಿದೆ ಪಗಾರ ಚೀಟಿ, ಇಲ್ಲಿದೆ ಖರ್ಚಿನ ಪಟ್ಟಿ" ಎಂದು ಬಂದವರ ಅರ್ಜಿಯನ್ನು ಮೇಲಿನವರಿಗೆ ಕಳಿಸಲು ನಮಗೂ ಒಂದು ಆಧಾರ ಸಿಗುತ್ತಿತ್ತು.

ಮೊದಲು ಕೈಗಡ. ಅದನ್ನೇ ಮೊದಲು ಹಿಡಿದದ್ದಕ್ಕೆ ಕಾರಣವಿದೆ. ತಿಂಗಳಿಗೆ 1,500ರಂತೆ 20 ತಿಂಗಳಲ್ಲಿ 30,000 ಬಡ್ಡಿ ಕಟ್ಟಿದ್ದರೂ ಅಸಲು ಒಂದು ರೂಪಾಯಿಯೂ ಇಳಿದಿರಲಿಲ್ಲ. ರಸೀದಿ ಇರಲಿಲ್ಲ. ಸಹಿ ಮಾಡಿದ ಖಾಲಿ ಚೆಕ್ಕು ಆತನ ಕಪಾಟಿನಲ್ಲಿತ್ತು, ಅದರಲ್ಲಿ ಯಾವ ಮೊತ್ತವನ್ನಾದರೂ ಬರೆದು ಬ್ಯಾಂಕಿಗೆ ಹಾಕಿದರೆ ಚೆಕ್ ಬೌನ್ಸ್ ಮೊಕದ್ದಮೆ. ಇನ್ನೊಂದು ಮಾತು, ಕಂಪನಿಗೆ ಇಡಿಗಂಟು ತೋರಿಸಿದರೆ ಅದು ನಿಯಮ ಪುಸ್ತಕ ತೆಗೆಯುತ್ತದೆ. ಮನುಷ್ಯನ ಮುಂದೆ ಇಟ್ಟರೆ ಮನಸ್ಸು ತಿರುಗುತ್ತದೆ.

ಇಡಿಗಂಟು ಎಲ್ಲಿಂದ? ಇಲ್ಲಿ ನಾನು ಹೇಳಿದ್ದು ಅವಳಿಗೆ ಹಿಡಿಸಲಿಲ್ಲ. ಒತ್ತೆ ಇಟ್ಟ ಪಾಟ್ಲಿಗಳನ್ನು ಬಿಡಿಸಿ ಮಾರಿಬಿಡಿ ಎಂದೆ. ಅವು ತವರಿನವು. ಒಂಬತ್ತು ತಿಂಗಳ ಬಡ್ಡಿ ಸೇರಿ ಸಾಲ 76,300 ಆಗಿತ್ತು, ಕಟ್ಟುವ ದಾರಿ ಕಾಣುತ್ತಿರಲಿಲ್ಲ, ವಾಯಿದೆ ಮುಗಿದರೆ ನೋಟಿಸು, ಆಮೇಲೆ ಹರಾಜು. ಹರಾಜಿನಲ್ಲಿ ಹೋದರೆ ಬೆಲೆಯೂ ನಿಮ್ಮ ಕೈಯಲ್ಲಿರುವುದಿಲ್ಲ. ಒಂದು ವಾರ ಯೋಚಿಸಿ ಒಪ್ಪಿದಳು, ಮಂಗಳಸೂತ್ರವನ್ನು ಮಾತ್ರ ಯಾರೂ ಕೇಳಬಾರದು ಎಂಬ ಕರಾರಿನ ಮೇಲೆ. ಅವಳ ಅಣ್ಣ ಎರಡು ದಿನದ ಮಟ್ಟಿಗೆ ಹಣ ಕೊಟ್ಟ, ಬೆಳಿಗ್ಗೆ ಪಾಟ್ಲಿ ಬಿಡಿಸಿ, ಮೂರು ಸರಾಫರಲ್ಲಿ ದರ ಕೇಳಿ, ಅಂದೇ ಮಧ್ಯಾಹ್ನ ಮಾರಿದರು. ಸವಕಳಿ ಕಳೆದು 1,07,000 ಬಂತು. ಅಣ್ಣನ ಹಣ ಅಣ್ಣನಿಗೆ ಹೋಗಿ 30,700 ಉಳಿಯಿತು. ಫೌಂಡ್ರಿಯ ದೀಪಾವಳಿ ಬೋನಸ್ 12,000 ಅದಕ್ಕೆ ಸೇರಿತು.

ವ್ಯಾಪಾರಿಯ ಹತ್ತಿರ ಗಂಡ ಹೆಂಡತಿ ಇಬ್ಬರೂ ಹೋದರು, ಜೊತೆಗೆ ಇಬ್ಬರಿಗೂ ಪರಿಚಯವಿದ್ದ ಒಬ್ಬ ಹಿರಿಯರು. ಹಣವನ್ನು ತೋರಿಸುವ ಮೊದಲು ಲೆಕ್ಕದ ಚೀಟಿ ತೋರಿಸಿರಿ ಎಂದು ಹೇಳಿ ಕಳಿಸಿದ್ದೆ. "ಕಾಕಾ, ಇಲ್ಲಿಯವರೆಗೆ ಮೂವತ್ತು ಸಾವಿರ ಬಡ್ಡಿ ಕೊಟ್ಟಿದ್ದೇವೆ. ಇನ್ನು ಮುಂದೆ ಬಡ್ಡಿ ಕಟ್ಟುವ ಶಕ್ತಿ ಇಲ್ಲ. ಇವತ್ತೇ ಮೂವತ್ತೆಂಟು ಕೊಡುತ್ತೇವೆ, ಚೆಕ್ಕು, ಬಾಂಡು ಎರಡನ್ನೂ ಕೊಟ್ಟುಬಿಡಿ" ಎಂದು ಅವಳೇ ಮಾತು ತೆಗೆದಳು. ಆತ ಐವತ್ತಕ್ಕೆ ಒಂದು ರೂಪಾಯಿ ಕಡಿಮೆ ಇಲ್ಲ ಎಂದ. ಎರಡು ಸಲ ಚಹಾ ಬಂತು. ಕೊನೆಗೆ 42,000ಕ್ಕೆ ಒಪ್ಪಿದ. ಹಣ ಎಣಿಸುವ ಮೊದಲೇ ಚೆಕ್ಕು ಮೇಜಿನ ಮೇಲೆ ಬಂದಿತ್ತು, ಪೂರ್ತಿ ಹಣ ಮುಟ್ಟಿತು ಎಂಬ ಬರಹಕ್ಕೆ ಹಿರಿಯರ ಸಾಕ್ಷಿ ಸಹಿ ಬಿತ್ತು.

ಕಾನೂನಿನ ಮಾತನ್ನು ಅವರು ಅಲ್ಲಿ ಎತ್ತಲಿಲ್ಲ, ಆದರೆ ಅದು ಗೊತ್ತಿತ್ತು. ನಮ್ಮ ರಾಜ್ಯದಲ್ಲಿ 1961ರ ಲೇವಾದೇವಿದಾರರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ನಡೆಸುವಂತಿಲ್ಲ, ವಿಪರೀತ ಬಡ್ಡಿಯನ್ನು ತಡೆಯಲು 2004ರ ಕಾಯ್ದೆಯೂ ಇದೆ. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ 36. ಮಾತಿಗೆ ಬಗ್ಗುವವರ ಮುಂದೆ ಮೊದಲ ದಿನವೇ ಕಾಯ್ದೆ ಓದಿದರೆ ಅವರು ಚೆಕ್ಕು ಹಿಡಿದು ಕೋರ್ಟಿಗೆ ಹೋಗುತ್ತಾರೆ. ಹೆದರಿಸುವವರು, ಮನೆ ಮುಂದೆ ಬಂದು ಕೂಡುವವರು ಆಗಿದ್ದರೆ ಮಾತ್ರ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡಿರಿ.

ಇಲ್ಲಿಯೇ ನಿಮ್ಮ ಓಣಿಯ ಸುದ್ದಿಗೂ ಉತ್ತರ ಹೇಳಿಬಿಡುತ್ತೇನೆ. ಕಿರು ಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತ ತಡೆಯುವ ಕಾನೂನು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದದ್ದು ನಿಜ. ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು ಎಂಬುದೂ ನಿಜ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿ ಅಥವಾ ಬ್ಯಾಂಕಿನ ಸಾಲ ಅದರಿಂದ ಮನ್ನಾ ಆಗಿಲ್ಲ. ಮನ್ನಾ ಎಂದು ನಂಬಿ ಕಟ್ಟುವುದನ್ನು ನಿಲ್ಲಿಸಿದರೆ ಸುಸ್ತಿದಾರರಾಗುವವರು ನೀವು. ನಿಮ್ಮ ಸಂಘದ ಕಾರ್ಡಿನ ಮೇಲೆ ಕಂಪನಿಯ ಹೆಸರಿರುತ್ತದೆ, ಅದು ನೋಂದಾಯಿತ ಕಂಪನಿಯೇ ಎಂದು ಮೊದಲು ನೋಡಿಕೊಳ್ಳಿರಿ. ಆ ಜೋಡಿ ಸಂಘದ ಸಾಲದ ಬಗ್ಗೆ ಯಾರೊಡನೆಯೂ ಮಾತನಾಡಲಿಲ್ಲ, ಕಂತು 2,400 ಹಾಗೆಯೇ ನಡೆಯಿತು. ಒಬ್ಬಳು ತಪ್ಪಿಸಿದರೆ ಒತ್ತಡ ಗುಂಪಿನ ಉಳಿದ ಹೆಂಗಸರ ಮೇಲೆ ಬೀಳುತ್ತದೆ, ಅದೇ ಓಣಿಯಲ್ಲಿ ನಾಳೆಯೂ ಬದುಕಬೇಕು.

ಎರಡನೆಯದು ಕ್ರೆಡಿಟ್ ಕಾರ್ಡ್. ಇದರಷ್ಟು ಜನರನ್ನು ಮೋಸಗೊಳಿಸುವ ಕಾಗದ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಿಲ್ಲಿನಲ್ಲಿ ಕಟ್ಟಬೇಕಾದ ಕನಿಷ್ಠ ಮೊತ್ತ 3,100 ಎಂದಿತ್ತು, ಅವರು ಅದನ್ನು ಚಾಚೂ ತಪ್ಪದೆ ಕಟ್ಟುತ್ತಿದ್ದರು. ಆದರೆ ಅವರ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5. 62,000ಕ್ಕೆ 2,170 ಬಡ್ಡಿ, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಎಂದರೆ ಇನ್ನೂ 390. 3,100ರಲ್ಲಿ ಅಸಲಿಗೆ ಹೋಗುತ್ತಿದ್ದುದು ಸುಮಾರು 540. ಜೊತೆಗೆ, ಬಾಕಿಯನ್ನು ಪೂರ್ತಿ ತೀರಿಸದವರಿಗೆ ಹೊಸ ಖರೀದಿಯ ಮೇಲಿನ ಬಡ್ಡಿರಹಿತ ದಿನಗಳೂ ಇರುವುದಿಲ್ಲ. ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. ಇದು ಅವರಿಗೆ ಗೊತ್ತೇ ಇರಲಿಲ್ಲ.

ಇದಕ್ಕೆ ಇರುವ ದಾರಿ ಬಾಕಿಯನ್ನು ಕಂತುಗಳಾಗಿ ಪರಿವರ್ತಿಸುವುದು. ಸಾಮಾನ್ಯವಾಗಿ ಬ್ಯಾಂಕುಗಳು ಕಾರ್ಡಿನ ಬಡ್ಡಿಗಿಂತ ಬಹಳ ಕಡಿಮೆ ದರದಲ್ಲಿ ಹೀಗೆ ಮಾಡಿಕೊಡುತ್ತವೆ. ಅವರು ಮೊದಲು ಫೋನಿನಲ್ಲಿ, ಆಮೇಲೆ ಇಮೇಲ್ ಬರೆದು ಕೇಳಿದರು. ಬ್ಯಾಂಕು 36 ತಿಂಗಳಿಗೆ ಶೇ 20 ಎಂದಿತು. ಇನ್ನೊಮ್ಮೆ ಕೇಳಿದಾಗ ಶೇ 18ಕ್ಕೆ ಇಳಿಯಿತು. ಕಂತು ಸಣ್ಣದಾಗುತ್ತದೆ ಎಂದು ಅಲ್ಲಿಯ ಹುಡುಗಿ 36 ತಿಂಗಳನ್ನೇ ಹೇಳುತ್ತಿದ್ದಳು. ಅವಧಿ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು. ಇವರ ನೋಟ್‌ಬುಕ್ಕಿನಲ್ಲಿ ಕಾರ್ಡಿನ ಎದುರು 3,100 ಎಂದು ಬರೆದಿತ್ತು, ಆದ್ದರಿಂದ 24 ತಿಂಗಳೇ ಸಾಕು ಎಂದರು. ಶೇ 18ರಲ್ಲಿ 24 ತಿಂಗಳ ಕಂತು ಎಷ್ಟು ಗೊತ್ತೇ? 3,095. ಜಿಎಸ್‌ಟಿ ಸೇರಿ ಮೊದಲ ತಿಂಗಳು ಸುಮಾರು 3,260. ಇಷ್ಟು ದಿನ ಕನಿಷ್ಠ ಮೊತ್ತ ಎಂದು ಕಟ್ಟುತ್ತಿದ್ದ ಹಣಕ್ಕೆ ನೂರೈವತ್ತು ಸೇರಿಸಿದರೆ ಎರಡು ವರ್ಷದಲ್ಲಿ ಸಾಲವೇ ಮುಗಿಯುತ್ತಿತ್ತು. ಕಾರ್ಡನ್ನು ಅದೇ ದಿನ ಬಂದ್ ಮಾಡಿಸಿದರು. ಮಾಡಿಸದಿದ್ದರೆ ಈ ಪರಿವರ್ತನೆಗೆ ಅರ್ಥವಿಲ್ಲ.

ಫೈನಾನ್ಸ್ ಕಂಪನಿಯದು ಇನ್ನೂ ಸರಳ. ಅಲ್ಲಿ ನಾವು ಬಡ್ಡಿ ಕಡಿಮೆ ಮಾಡಿರಿ ಎಂದು ಕೇಳಲೇ ಇಲ್ಲ. ಕಂತಿನ ತಾರೀಖು 5ರಿಂದ 12ಕ್ಕೆ ಬದಲಿಸಿರಿ, ಪಗಾರ 10ಕ್ಕೆ ಬರುತ್ತದೆ, ಇದೋ ಆರು ತಿಂಗಳ ಪಾಸ್‌ಬುಕ್ ಎಂದು ಅರ್ಜಿ ಕೊಟ್ಟರು. ಖಾತೆಯಿಂದ ಕಡಿತ ಮಾಡುವ ಒಪ್ಪಿಗೆ ಪತ್ರವನ್ನು ಹೊಸದಾಗಿ ಬರೆದುಕೊಡಬೇಕಾಯಿತು, ಒಂದು ತಿಂಗಳು ಹಿಡಿಯಿತು. 900 ರೂಪಾಯಿ ಸೋರುವುದು ನಿಂತಿತು. ಹಳೆಯ ದಂಡದಲ್ಲಿ ಒಂದಿಷ್ಟನ್ನು ಬಿಡಿರಿ ಎಂದು ಕೇಳಿದ್ದಕ್ಕೆ ಎರಡು ತಿಂಗಳದ್ದನ್ನು ಬಿಟ್ಟರು. ಅವಧಿಯನ್ನು 28ರಿಂದ 40 ತಿಂಗಳಿಗೆ ಹಿಗ್ಗಿಸುತ್ತೇವೆ ಎಂದು ಕಂಪನಿಯೇ ಹೇಳಿತು. ಕಂತು 5,170ರಿಂದ 4,020ಕ್ಕೆ ಇಳಿಯುತ್ತಿತ್ತು, ಆದರೆ ಒಟ್ಟು ಬಡ್ಡಿ 16,000ದಷ್ಟು ಏರುತ್ತಿತ್ತು. ಬಜೆಟ್ಟಿನಲ್ಲಿ 5,170 ಹಿಡಿಸುತ್ತಿದ್ದುದರಿಂದ ಬೇಡ ಎಂದರು. ನಿಮ್ಮ ಲೆಕ್ಕದಲ್ಲಿ ಹಿಡಿಸದಿದ್ದರೆ ಇದನ್ನು ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ. ಕಂತು ತಪ್ಪಿಸಿ ದಂಡ ಕಟ್ಟುವುದಕ್ಕಿಂತ ಅದು ಎಷ್ಟೋ ಮೇಲು.

ಇಷ್ಟಾದ ಮೇಲೆ ಕಾರ್ಡ್, ಫೈನಾನ್ಸ್, ಸಂಘ ಮೂರಕ್ಕೂ ಸೇರಿ 10,830. ಕಿರಾಣಿ ಅಂಗಡಿಯವನಿಗೆ ಹಳೆಯ ಬಾಕಿಯಲ್ಲಿ ತಿಂಗಳಿಗೆ 600, ಹೊಸದೆಲ್ಲ ರೊಕ್ಕ ಕೊಟ್ಟೇ. 11,500ರಲ್ಲಿ ಉಳಿದದ್ದು 70 ರೂಪಾಯಿ. ಇದು ಬಿಗಿ ಲೆಕ್ಕ, ಸುಳ್ಳು ಹೇಳುವುದಿಲ್ಲ. ಒಂಬತ್ತನೇ ತಿಂಗಳಿನಲ್ಲಿ ಅವನ ತಾಯಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, 12,000 ಖರ್ಚಾಯಿತು. ಓವರ್‌ಟೈಮ್ ಖಾತೆಯಲ್ಲಿ ಅಷ್ಟು ಕೂಡಿತ್ತು, ಕಾರ್ಡು ಬಂದ್ ಆಗಿತ್ತು. ಎರಡರಲ್ಲಿ ಯಾವುದೊಂದು ಬೇರೆಯಾಗಿದ್ದರೂ ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಮೇ, ಜೂನ್ ತಿಂಗಳಲ್ಲಿ ಅವಳು ಶಾಲೆಯ ಸಮವಸ್ತ್ರದ ಹೊಲಿಗೆ ಹಿಡಿದು ಆ ಖಾತೆಯನ್ನು ಮತ್ತೆ ತುಂಬಿದಳು. ಸಂಘದ ಸಾಲ 21ನೇ ತಿಂಗಳಿಗೆ ಮುಗಿಯಿತು, ಕಾರ್ಡ್ 24ಕ್ಕೆ. ಬಿಡುವಾದ ಕಂತುಗಳನ್ನು ಖರ್ಚು ಮಾಡದೆ ಕೂಡಿಸಿಟ್ಟು ಫೈನಾನ್ಸಿನ ಕೊನೆಯ ಬಾಕಿಯನ್ನು 26ನೇ ತಿಂಗಳಿಗೆ ತೀರಿಸಿದರು. ಅವಧಿಗೆ ಮುಂಚೆ ತೀರಿಸಿದರೆ ಶುಲ್ಕವಿದೆಯೇ ಎಂದು ಮೊದಲೇ ಕೇಳಿ, ಉಳಿಯುವ ಬಡ್ಡಿಗಿಂತ ಅದು ಕಡಿಮೆ ಎಂದು ನೋಡಿಯೇ ತೀರಿಸಿದ್ದು.

ಇನ್ನು ನಿಮ್ಮ ಸಂಬಂಧಿಕರು ಹೇಳುವ ಅರ್ಧಕ್ಕೆ ಸೆಟಲ್‌ಮೆಂಟ್. ಮೇಜಿನ ಆ ಬದಿಯಿಂದ ಅದು ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ಕಂತು 90 ದಿನ ಮೀರಿ ಬಾಕಿಯಾದರೆ ಆ ಸಾಲ ಬ್ಯಾಂಕಿನ ಪುಸ್ತಕದಲ್ಲಿ ಅನುತ್ಪಾದಕವಾಗುತ್ತದೆ. ಈ ಹಣ ಇನ್ನು ಬರುವುದಿಲ್ಲ ಎಂಬ ಅನುಮಾನ ಬಲವಾದಾಗ ಮಾತ್ರ ಅಸಲಿನಲ್ಲಿ ಬಿಡುವ ಮಾತು ಬರುತ್ತದೆ. ಅಂದರೆ ರಿಯಾಯಿತಿ ಬೇಕೆಂದರೆ ಮೊದಲು ನೀವು ಕೆಡಬೇಕು. ಆ ತಿಂಗಳುಗಳಲ್ಲಿ ಬಡ್ಡಿ, ದಂಡ ಏರುತ್ತವೆ, ವಸೂಲಿಯವರ ಫೋನು ಶುರುವಾಗುತ್ತದೆ, ಅರ್ಧ ಎನ್ನುವುದು ಏರಿದ ಮೊತ್ತದ ಅರ್ಧವಾಗುತ್ತದೆ. ಅದನ್ನೂ ಸಾಮಾನ್ಯವಾಗಿ ಇಡಿಗಂಟಾಗಿ ಕೇಳುತ್ತಾರೆ. ಕಟ್ಟಿದ ಮೇಲೆ ನಿಮ್ಮ ಸಿಬಿಲ್ ವರದಿಯಲ್ಲಿ ‘Closed’ ಎಂದು ಬರುವುದಿಲ್ಲ, ‘Settled’ ಎಂದು ಬರುತ್ತದೆ. ಅದು ವರ್ಷಗಟ್ಟಲೆ ಉಳಿಯುತ್ತದೆ, ಮುಂದೆ ಮಗ್ಗಕ್ಕೋ ಮನೆಗೋ ಸಾಲ ಕೇಳಿದಾಗ ಅಡ್ಡ ಬರುತ್ತದೆ. ದುಡಿಯುವ ಕೈ ಬಿದ್ದುಹೋಗಿದೆ, ಆದಾಯವೇ ನಿಂತಿದೆ ಎನ್ನುವವರಿಗೆ ನಾನೇ ಸೆಟಲ್‌ಮೆಂಟ್ ಮಾಡಿಸಿಕೊಟ್ಟಿದ್ದೇನೆ. ಕಂತು ತಪ್ಪಿಸದೆ ನಡೆಸುತ್ತಿರುವ ನಿಮಗೆ ಅದು ನಷ್ಟದ ವ್ಯಾಪಾರ.

ನಿಮ್ಮ ಮನೆಯ ಲೆಕ್ಕದಲ್ಲಿ ಆ ಜೋಡಿಯಿಂದ ಒಂದು ವ್ಯತ್ಯಾಸವಿದೆ. ನಿಮಗೆ ಬರುವುದು ಬಟವಾಡೆ, ಮಗ್ಗ ನಿಂತ ವಾರ ಅದೂ ಇಲ್ಲ. ಆದ್ದರಿಂದ ಸರಾಸರಿ ಹಿಡಿಯಬೇಡಿ. ಕಳೆದ ವರ್ಷದ ಕೆಟ್ಟ ಮೂರು ತಿಂಗಳುಗಳ ಗಳಿಕೆಯನ್ನು ಬರೆದು, ಅದರಲ್ಲಿ ಎಷ್ಟು ಕಂತು ಹಿಡಿಸುತ್ತದೆ ಎಂದು ನೋಡಿರಿ. ಒಳ್ಳೆಯ ವಾರದ ಹೆಚ್ಚುವರಿ ಹಣ ಬೇರೆ ಖಾತೆಗೆ ಹೋಗಲಿ. ಬಟವಾಡೆಯ ದಿನವೇ ತಿಂಗಳ ಕಂತಿನ ಕಾಲು ಭಾಗವನ್ನು ಕಂತು ಕಡಿತವಾಗುವ ಖಾತೆಗೆ ಹಾಕಿಬಿಡಿ, ಕೈಯಲ್ಲಿ ಇಟ್ಟುಕೊಂಡರೆ ಅದು ಉಳಿಯುವುದಿಲ್ಲ. ಕುಚ್ಚಿನ ಹಣವನ್ನು ಮನೆ ಖರ್ಚಿಗೇ ಬಿಡಿ. ಮಾತುಕತೆ ಕೈಗಡದವರಿಂದ ಶುರುವಾಗಲಿ, ಆದರೆ ಬರಿಗೈಯಲ್ಲಿ ಹೋಗಬೇಡಿ. ಬಂಗಾರ ಮಾರಲು ಇಷ್ಟವಿಲ್ಲದಿದ್ದರೆ ಬಡ್ಡಿ ನಿಲ್ಲಿಸಿ ಅಸಲನ್ನು ಕಂತಿನಲ್ಲಿ ತೆಗೆದುಕೊಳ್ಳಿರಿ ಎಂದು ಕೇಳಬಹುದು. ಪ್ರತಿ ಕಂತನ್ನೂ ಫೋನ್‌ಪೇಯಂಥ ದಾರಿಯಲ್ಲಿ ಕಳಿಸಿರಿ, ಆಗ ರಸೀದಿ ತಾನೇ ಆಗುತ್ತದೆ.

ಬ್ಯಾಂಕು, ಕಂಪನಿಯವರು ಫೋನಿನಲ್ಲಿ ಒಪ್ಪಿದ್ದನ್ನು ಒಪ್ಪಂದ ಎಂದು ತಿಳಿಯಬೇಡಿ. ಪತ್ರ ಅಥವಾ ಇಮೇಲ್ ಬಂದ ಮೇಲೆ ಹಣ ಕಟ್ಟಿರಿ, ವಸೂಲಿಗೆ ಬಂದವನ ಸ್ವಂತ ಖಾತೆಗೆ ಎಂದೂ ಹಾಕಬೇಡಿ. ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಯ ಫೋನು ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ನೆಂಟರಿಗೆ ಫೋನು ಮಾಡಿ ಮಾನ ಕಳೆಯುವುದೂ ತಪ್ಪೇ. ಹಾಗಾದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿರಿ. 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಎಂಬಲ್ಲಿ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಫೋನು ಮಾಡಬಹುದು.

ಒಂದೊಂದು ಸಾಲ ಮುಗಿದಾಗಲೂ ಬಾಕಿ ಇಲ್ಲ ಎಂಬ ಪ್ರಮಾಣಪತ್ರ ಕೇಳಿ ಪಡೆಯಿರಿ. ಎರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆಸಿ ನೋಡಿರಿ, ವರ್ಷಕ್ಕೆ ಒಂದು ಪೂರ್ಣ ವರದಿ ಉಚಿತ. ತೀರಿದ ಸಾಲ ಅಲ್ಲಿ ಇನ್ನೂ ಬಾಕಿ ಎಂದು ಕಾಣಿಸಿದರೆ ಆ ಪ್ರಮಾಣಪತ್ರವನ್ನು ಲಗತ್ತಿಸಿ ತಿದ್ದುಪಡಿಗೆ ಬರೆಯಬೇಕು. ವಡಗಾವಿಯವರ ಕಾರ್ಡಿನ ಸಾಲ ಹಾಗೆಯೇ ತೋರಿಸುತ್ತಿತ್ತು, ಬರೆದ ಮೇಲೆ ಸರಿಯಾಯಿತು.